ಹೊಸ ವಾಷರ್ ಹಾಕಿದರೂ ನಿಲ್ಲದ ನೀರು: ಫ್ಲೋಟ್ ವಾಲ್ವಿನ ತೋಳು, ವಾಷರ್, ಸೀಟು

ಪ್ರಶ್ನೆ: ನಮ್ಮ ಓವರ್‌ಹೆಡ್ ಟ್ಯಾಂಕಿಗೆ ಸರಬರಾಜು ಪೈಪಿನಿಂದ ನೇರವಾಗಿ ನೀರು ಬರುತ್ತದೆ. ಟ್ಯಾಂಕ್ ತುಂಬಿದ ಮೇಲೂ ಫ್ಲೋಟ್ ವಾಲ್ವ್ ನೀರನ್ನು ಪೂರ್ತಿ ನಿಲ್ಲಿಸುವುದಿಲ್ಲ. ಹಗಲಲ್ಲಿ ಏನೂ ಕಾಣುವುದಿಲ್ಲ, ರಾತ್ರಿ ಮಾತ್ರ ಓವರ್‌ಫ್ಲೋ ಪೈಪಿನಿಂದ ನೀರು ಹೋಗುತ್ತಲೇ ಇರುತ್ತದೆ. ವಾಷರ್ ಹೊಸದು ಹಾಕಿಸಿದೆವು, ಎರಡು ವಾರ ಸರಿಯಿತ್ತು, ಈಗ ಮತ್ತೆ ಮೊದಲಿನಂತೆಯೇ ಆಗಿದೆ. ತೋಳು, ಸೀಟು, ವಾಷರ್ ಇವುಗಳಲ್ಲಿ ತಪ್ಪು ಎಲ್ಲಿದೆ ಎಂದು ನಾವೇ ನೋಡಬಹುದೇ? ಇಡೀ ವಾಲ್ವ್ ಬದಲಿಸಬೇಕೇ?

ಉತ್ತರ: ಹೊಸ ವಾಷರ್ ಎರಡೇ ವಾರದಲ್ಲಿ ಸೋತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ವಾಷರನ್ನಲ್ಲ, ಅದು ಒತ್ತಿಕೊಂಡು ಕೂರುವ ಸೀಟನ್ನು, ಅಂದರೆ ನೀರು ಬರುವ ತೂತಿನ ಸುತ್ತಲಿನ ಅಂಚನ್ನು. ಸೀಟಿನ ಅಂಚಿನಲ್ಲಿ ಸಣ್ಣ ಗಾಯವಿದ್ದರೂ ಮೃದುವಾದ ಹೊಸ ರಬ್ಬರ್ ಆ ಗಾಯದೊಳಕ್ಕೆ ಇಳಿದು ಕೆಲವು ದಿನ ನೀರನ್ನು ತಡೆಯುತ್ತದೆ. ಮುಂದೆ ರಬ್ಬರ್ ಒತ್ತಡಕ್ಕೆ ಗಟ್ಟಿಯಾಗಿ ಅಚ್ಚುಬಿದ್ದ ಮೇಲೆ ಅದೇ ಸಂದಿಯಿಂದ ನೀರು ಜಿನುಗಲು ತೊಡಗಿ, ವಾಷರನ್ನೂ ಸೀಟನ್ನೂ ಒಟ್ಟಿಗೆ ಕೊರೆಯುತ್ತದೆ. ಆದರೂ ವಾಲ್ವನ್ನು ಬಿಚ್ಚುವ ಮೊದಲು ಹೊರಗಿನಿಂದಲೇ ತಿಳಿಯಬಹುದಾದ ಕೆಲವು ವಿಷಯಗಳಿವೆ, ಅವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ರಾತ್ರಿ ಮಾತ್ರ ಹರಿಯುತ್ತದೆ ಎಂಬ ಮಾತಿಗೆ ಎರಡು ಅರ್ಥಗಳಿರಬಹುದು. ಒಂದು, ಊರಿನವರೆಲ್ಲ ನಲ್ಲಿ ಮುಚ್ಚಿ ಮಲಗಿದ ಮೇಲೆ ಸರಬರಾಜು ಪೈಪಿನಲ್ಲಿ ಒತ್ತಡ ಏರುತ್ತದೆ, ಹಗಲಿನ ಒತ್ತಡವನ್ನು ತಡೆದಿದ್ದ ವಾಲ್ವ್ ಈ ಹೆಚ್ಚಿನ ಒತ್ತಡವನ್ನು ತಡೆಯಲಾರದೆ ಹೋಗುತ್ತದೆ. ಇನ್ನೊಂದು, ವಾಲ್ವ್ ಹಗಲೂ ರಾತ್ರಿಯೂ ಒಂದೇ ಸಮನೆ ಜಿನುಗುತ್ತಿರುತ್ತದೆ, ಹಗಲಲ್ಲಿ ಮನೆಯ ಬಳಕೆ ಆ ನೀರನ್ನು ತೆಗೆದುಕೊಂಡುಬಿಡುವುದರಿಂದ ಅದು ಕಾಣಿಸುವುದಿಲ್ಲ. ಎರಡನೆಯದನ್ನು ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಅಡ್ಡಳತೆಯ ದುಂಡು ಟ್ಯಾಂಕಿನಲ್ಲಿ ನೀರು 1 ಸೆಂ.ಮೀ. ಏರಲು ಸುಮಾರು 8 ಲೀಟರ್ ಬೇಕು. ನಿಮಿಷಕ್ಕೆ 100 ಮಿ.ಲೀ. ಜಿನುಗಿದರೆ ಗಂಟೆಗೆ 6 ಲೀಟರ್ ಆಗುತ್ತದೆ. ನೀರಿನ ಮಟ್ಟಕ್ಕೂ ಓವರ್‌ಫ್ಲೋ ಪೈಪಿಗೂ ನಡುವೆ 2.5 ಸೆಂ.ಮೀ. ಅಂತರವಿದ್ದರೆ ಅದನ್ನು ತುಂಬಲು ಮೂರು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಹಗಲಿನಲ್ಲಿ ಯಾರೂ ನೀರು ಬಳಸದೆ ಮೂರು ಗಂಟೆ ಕಳೆಯುವುದು ಅಪರೂಪ, ರಾತ್ರಿ ದಿನವೂ ಅಷ್ಟು ಬಿಡುವು ಸಿಗುತ್ತದೆ.

ಈ ಎರಡರಲ್ಲಿ ಯಾವುದು ನಿಮ್ಮದು ಎಂದು ತಿಳಿಯಲು ಹಗಲಿನಲ್ಲಿ ಟ್ಯಾಂಕ್ ತುಂಬಿ ನೀರು ನಿಂತಂತೆ ಕಂಡಾಗ, ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿನ ವಾಲ್ವನ್ನು ಮುಚ್ಚಿ, ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ ಗೆರೆಯೊಂದನ್ನು ಎಳೆಯಿರಿ. ಒಂದು ಗಂಟೆಯ ನಂತರ ನೀರು ಗೆರೆಯನ್ನು ದಾಟಿದ್ದರೆ ಹಗಲಲ್ಲೂ ಸೋರಿಕೆ ಇದೆ ಎಂದಾಯಿತು, ಅಂದರೆ ಹೆಚ್ಚಾಗಿ ಸೀಟು ಅಥವಾ ವಾಷರಿನ ದೋಷ. ಗೆರೆಯಲ್ಲೇ ನಿಂತಿದ್ದು ರಾತ್ರಿ ಮಾತ್ರ ಏರುವುದಾದರೆ ಒತ್ತಡಕ್ಕೆ ವಾಲ್ವ್ ಸಾಲುತ್ತಿಲ್ಲ ಎಂದು ತಿಳಿಯಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಇದಾದ ಮೇಲೆ ಇನ್ನೊಂದನ್ನೂ ನೋಡಿಬಿಡಿ: ಮನೆಗೆ ಇಳಿಯುವ ಪೈಪಿನ ವಾಲ್ವನ್ನು ಮತ್ತೆ ತೆರೆದು, ಯಾರೂ ನೀರು ಬಳಸದಿರುವಾಗ ಟ್ಯಾಂಕಿಗೆ ನೀರು ತರುವ ಪೈಪಿನ ವಾಲ್ವನ್ನೇ ಪೂರ್ತಿ ಮುಚ್ಚಿದ ಮೇಲೂ ಮಟ್ಟ ಏರುತ್ತಿದ್ದರೆ ನೀರು ಬೇರೆ ದಾರಿಯಿಂದ ಬರುತ್ತಿದೆ. ಎತ್ತರದಲ್ಲಿರುವ ಇನ್ನೊಂದು ಟ್ಯಾಂಕಿನ ಜೋಡಣೆಯಿಂದಲೋ, ಟ್ಯಾಂಕಿನ ನೀರೂ ನೇರ ಸರಬರಾಜಿನ ನೀರೂ ಸೇರುವ ಮಿಕ್ಸರ್ ನಲ್ಲಿಯ ಮೂಲಕ ಹಿಂದಕ್ಕೆ ತಳ್ಳಿಯೋ ಅದು ಬರಬಹುದು. ಹಾಗಿದ್ದರೆ ಫ್ಲೋಟ್ ವಾಲ್ವನ್ನು ಎಷ್ಟು ರಿಪೇರಿ ಮಾಡಿದರೂ ಪ್ರಯೋಜನವಿಲ್ಲ.

ಮುಂದಿನದು ಕೈಯಿಂದ ತೋಳನ್ನು ಎತ್ತಿ ನೋಡುವ ಪರೀಕ್ಷೆ, ಅರ್ಧದಷ್ಟು ಉತ್ತರ ಇದರಲ್ಲೇ ಸಿಗುತ್ತದೆ. ಟ್ಯಾಂಕಿನ ನೀರನ್ನು ಒಂದು ಗೇಣಿನಷ್ಟು ಇಳಿಸಿ, ವಾಲ್ವಿನಿಂದ ನೀರು ಜೋರಾಗಿ ಬೀಳುತ್ತಿರುವಾಗ ಫ್ಲೋಟ್ ಚೆಂಡನ್ನು ಎರಡು ಬೆರಳಿನಿಂದ ನಿಧಾನವಾಗಿ ಮೇಲಕ್ಕೆ ಎತ್ತಿರಿ. ಹಗುರವಾದ ಒತ್ತಿಗೇ ನೀರು ಪೂರ್ತಿ ನಿಂತು, ವಾಲ್ವಿನ ಬಾಯಿಯಲ್ಲಿ ಹನಿಯೂ ಕಾಣದಿದ್ದರೆ ಸೀಟು ಮತ್ತು ವಾಷರ್ ಚೆನ್ನಾಗಿವೆ, ತಪ್ಪು ಚೆಂಡಿನಲ್ಲೋ ತೋಳಿನಲ್ಲೋ ಇದೆ. ಎಷ್ಟು ಬಲವಾಗಿ ಎತ್ತಿ ಹಿಡಿದರೂ ತೆಳುವಾದ ನೀರಿನ ಎಳೆಯೊಂದು ಬೀಳುತ್ತಲೇ ಇದ್ದರೆ ತಪ್ಪು ಒಳಗಿದೆ. ನೀರು ನಿಲ್ಲುತ್ತದೆ, ಆದರೆ ಮೊಣಕೈಯ ಬಲ ಹಾಕಬೇಕಾಗುತ್ತದೆ ಎಂದಾದರೆ ವಾಷರನ್ನು ಹೊತ್ತು ವಾಲ್ವಿನೊಳಗೆ ಹಿಂದೆ ಮುಂದೆ ಸರಿಯುವ ಪಿಸ್ಟನ್ ಬಿಗಿಯಾಗಿರಬೇಕು, ಇಲ್ಲವೇ ಒತ್ತಡ ಹೆಚ್ಚಿರಬೇಕು. ಈ ಪರೀಕ್ಷೆಯನ್ನು ಒತ್ತಡ ಹೆಚ್ಚಿರುವಾಗಲೇ ಮಾಡಬೇಕು, ಇಲ್ಲದಿದ್ದರೆ ಮೋಸಹೋಗುತ್ತೀರಿ. ಕತ್ತಲಲ್ಲಿ ಏಣಿ ಹತ್ತುವುದು ಬೇಡ, ಬೆಳಗಿನ ಜಾವ ಬೆಳಕು ಹರಿದ ಕೂಡಲೇ, ಜನ ನೀರು ಬಳಸಲು ಶುರುಮಾಡುವ ಮುಂಚೆ ಮಾಡಿದರೆ ಸಾಕು. ಏಣಿಯ ಕೆಳಗೆ ಒಬ್ಬರು ನಿಂತಿರಲಿ, ಟ್ಯಾಂಕಿನ ಬಾಯೊಳಕ್ಕೆ ಸೊಂಟದವರೆಗೆ ಬಗ್ಗುವ ಸಾಹಸ ಬೇಡ.

ಚೆಂಡು ಮತ್ತು ತೋಳನ್ನು ನೋಡಲು ಹೆಚ್ಚು ಸಮಯ ಬೇಡ. ಚೆಂಡನ್ನು ತಿರುಗಿಸಿ ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿರಿ. ಒಳಗೆ ನೀರಿನ ಸದ್ದು ಕೇಳಿದರೆ ಅದು ತೂತಾಗಿದೆ, ಅಂಟು ಹಚ್ಚಿ ಮುಚ್ಚುವ ಗೋಜಿಗೆ ಹೋಗದೆ ಬದಲಿಸುವುದೇ ಸರಿ. ತೋಳು ಮೇಲೆ ಕೆಳಗೆ ಆಡುವಾಗ ಟ್ಯಾಂಕಿನ ಗೋಡೆಗೋ ಒಳಗಿನ ಬೇರೆ ಪೈಪಿಗೋ ತಗಲುತ್ತದೆಯೇ ನೋಡಿ. ಟ್ಯಾಂಕಿನ ಗೋಡೆಯಲ್ಲಿ ವಾಲ್ವ್ ಸಡಿಲವಾಗಿ ಸ್ವಲ್ಪ ತಿರುಗಿಕೊಂಡರೂ ಚೆಂಡು ಓರೆಯಾಗಿ ಗೋಡೆಗೆ ಉಜ್ಜುತ್ತದೆ, ಇದನ್ನು ಗಮನಿಸದೆ ವಾಷರ್ ಮೇಲೆ ವಾಷರ್ ಬದಲಿಸುವವರು ಬಹಳ. ಪ್ಲಾಸ್ಟಿಕ್ ತೋಳಿನಲ್ಲಿ ಮಟ್ಟ ಹೊಂದಿಸುವ ಸ್ಕ್ರೂ ಸಡಿಲವಾಗಿ ಚೆಂಡು ತಾನಾಗಿಯೇ ಮೇಲಕ್ಕೆ ಸರಿದಿರುವುದೂ ಉಂಟು.

ತೋಳಿನ ಉದ್ದ ಏಕೆ ಮುಖ್ಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ರಾತ್ರಿಯ ತೊಂದರೆಯ ಒಂದು ಎಳೆ ಇಲ್ಲಿರಬಹುದು. ತೋಳು ಎಂದರೆ ಒಂದು ಸನ್ನೆಗೋಲು. 11 ಸೆಂ.ಮೀ. ಅಡ್ಡಳತೆಯ ಚೆಂಡು ಪೂರ್ತಿ ಮುಳುಗಿದರೆ ಸುಮಾರು 700 ಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅರ್ಧ ಮುಳುಗಿದರೆ 350 ಗ್ರಾಂ. ಚೆಂಡು ಮತ್ತು ತೋಳಿನ ಭಾರಕ್ಕೆಂದು 100 ಗ್ರಾಂ ಕಳೆದರೆ ಅರ್ಧ ಮುಳುಗಿದ ಚೆಂಡು 250 ಗ್ರಾಂ ಬಲದಿಂದ ಮೇಲಕ್ಕೆ ತಳ್ಳುತ್ತದೆ. ತೋಳು ತಿರುಗುವ ಪಿನ್‌ನಿಂದ ಚೆಂಡಿನವರೆಗೆ 30 ಸೆಂ.ಮೀ., ಪಿನ್‌ನಿಂದ ಪಿಸ್ಟನ್ನಿಗೆ ತಗಲುವ ಮೂಗಿನವರೆಗೆ 2.5 ಸೆಂ.ಮೀ. ಇದ್ದರೆ ಆ ಬಲ ಹನ್ನೆರಡು ಪಟ್ಟಾಗಿ ವಾಷರಿನ ಮೇಲೆ ಸುಮಾರು 3 ಕಿಲೋ ಒತ್ತು ಬೀಳುತ್ತದೆ. ಇದರ ಎದುರು ನೀರು ತಳ್ಳುತ್ತಿರುತ್ತದೆ. ಸೀಟಿನ ತೂತು 10 ಮಿ.ಮೀ. ಆಗಿದ್ದರೆ ಅದರ ವಿಸ್ತೀರ್ಣ 0.785 ಚದರ ಸೆಂ.ಮೀ., ಹಗಲಿನ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಆಗಿದ್ದರೆ, ಎಂದರೆ 20 ಮೀಟರ್ ಎತ್ತರದ ನೀರಿನ ಕಂಬದಷ್ಟಿದ್ದರೆ, ನೀರಿನ ತಳ್ಳು 1.6 ಕಿಲೋ. ಮೂರರಲ್ಲಿ ಅದನ್ನು ಕಳೆದರೆ ರಬ್ಬರನ್ನು ಅದುಮಲು 1.4 ಕಿಲೋ ಉಳಿಯುತ್ತದೆ, ವಾಲ್ವ್ ಮುಚ್ಚುತ್ತದೆ. ರಾತ್ರಿ ಒತ್ತಡ 3.5 ಕಿಲೋಗೆ ಏರಿದರೆ ನೀರಿನ ತಳ್ಳು 2.75 ಕಿಲೋ ಆಗುತ್ತದೆ. ಆಗ ಅದುಮಲು ಉಳಿಯುವುದು ಕಾಲು ಕಿಲೋ ಮಾತ್ರ, ಸ್ವಲ್ಪ ಗಟ್ಟಿಯಾದ ವಾಷರಿಗೆ ಅದು ಸಾಲದು. ವಾಲ್ವ್ ಸ್ವಲ್ಪ ತೆರೆದೇ ಇದ್ದು ನೀರು ಏರುತ್ತದೆ, ಚೆಂಡು ಇನ್ನಷ್ಟು ಮುಳುಗುತ್ತದೆ, ಬಲ ಹೆಚ್ಚಿ ಕೊನೆಗೊಮ್ಮೆ ಮುಚ್ಚುತ್ತದೆ. ಅಷ್ಟರೊಳಗೆ ನೀರು ಓವರ್‌ಫ್ಲೋ ಪೈಪನ್ನು ಮುಟ್ಟಿದ್ದರೆ ಮಾತ್ರ ಆ ಹೊತ್ತು ಬರುವುದೇ ಇಲ್ಲ, ಏಕೆಂದರೆ ಅಲ್ಲಿಂದ ಮುಂದೆ ನೀರು ಏರುವ ಬದಲು ಹೊರಗೆ ಹೋಗುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ಹಿಡಿಸಲೆಂದು ಯಾರೋ ತೋಳನ್ನು 20 ಸೆಂ.ಮೀ.ಗೆ ಕತ್ತರಿಸಿದ್ದರೆ ಹನ್ನೆರಡು ಪಟ್ಟು ಎಂಟಕ್ಕೆ ಇಳಿದು ಮುಚ್ಚುವ ಬಲ 2 ಕಿಲೋಗೆ ಬರುತ್ತದೆ, ರಾತ್ರಿಯ ಒತ್ತಡಕ್ಕೆ ಅದು ಏನೇನೂ ಸಾಲದು.

ಇನ್ನು ಬಿಚ್ಚುವ ಕೆಲಸ. ಟ್ಯಾಂಕಿಗೆ ಬರುವ ನೀರನ್ನು ಮುಚ್ಚಿ, ತೋಳನ್ನು ಕೆಳಗೆ ಒತ್ತಿ, ವಾಲ್ವಿನಿಂದ ನೀರು ಬರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ವಾಲ್ವಿನ ಕೆಳಗೆ ಒಂದು ಬಟ್ಟೆಯನ್ನೋ ಚಿಕ್ಕ ಬುಟ್ಟಿಯನ್ನೋ ಕಟ್ಟಿಕೊಳ್ಳಿ, ಏಕೆಂದರೆ ತೋಳನ್ನು ಹಿಡಿದಿರುವ ಪಿನ್ ಕೈಜಾರಿದರೆ ಸೀದಾ ಟ್ಯಾಂಕಿನ ತಳಕ್ಕೆ ಹೋಗುತ್ತದೆ. ಪಿನ್ನಿನ ಬಾಗಿಸಿದ ತುದಿಗಳನ್ನು ಇಕ್ಕಳದಿಂದ ನೇರ ಮಾಡಿ ಎಳೆದರೆ ತೋಳು ಬಿಡಿಯಾಗುತ್ತದೆ. ಪಿಸ್ಟನ್ ಅಡ್ಡಡ್ಡಲಾಗಿ ಚಲಿಸುವ ಹಿತ್ತಾಳೆಯ ವಾಲ್ವುಗಳಲ್ಲಿ ತುದಿಯ ಮುಚ್ಚಳ ತಿರುಗಿಸಿ, ತೋಳಿನ ಮೂಗು ಕೂರುತ್ತಿದ್ದ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಿಸ್ಟನ್ ಹೊರಗೆ ಬರುತ್ತದೆ. ಬಲವಂತ ಮಾಡಬೇಕಾಗಿ ಬಂದರೆ ಅದೇ ಒಂದು ಸುಳಿವು: ಗಡಸು ನೀರಿನ ಸುಣ್ಣದ ಪದರ ಪಿಸ್ಟನ್ನಿನ ಸುತ್ತ ಕಟ್ಟಿಕೊಂಡು ಅದನ್ನು ಹಿಡಿದಿಟ್ಟಿದೆ. ಬಿಳಿ ವಿನೆಗರಿನಲ್ಲಿ ಒಂದೆರಡು ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಪದರ ಬಿಡುತ್ತದೆ, ಚಾಕುವಿನಿಂದ ಕೆರೆಯಬೇಡಿ. ಪಿಸ್ಟನ್ ತನ್ನ ಮನೆಯೊಳಗೆ ಬೆರಳಿನ ಒತ್ತಿಗೆ ಸರಾಗವಾಗಿ ಓಡಾಡಬೇಕು.

ಪಿಸ್ಟನ್ನಿನ ತುದಿಯಲ್ಲಿರುವ ವಾಷರನ್ನು ಈಗ ಬೆಳಕಿಗೆ ಹಿಡಿದು ನೋಡಿ. ಅದರ ಮುಖದ ಮೇಲೆ ಸೀಟು ಒತ್ತಿದ ಉಂಗುರದಂಥ ಗುರುತಿರುತ್ತದೆ, ವಾಲ್ವಿನ ಸಮಾಚಾರವೆಲ್ಲ ಆ ಉಂಗುರದಲ್ಲಿದೆ. ಗುರುತು ಪೂರ್ತಿ ದುಂಡಗೆ, ಸುತ್ತಲೂ ಒಂದೇ ಆಳದಲ್ಲಿದ್ದರೆ ವಾಷರ್ ನೆಟ್ಟಗೆ ಕೂರುತ್ತಿದೆ. ಒಂದು ಬದಿ ಆಳ, ಎದುರು ಬದಿ ತೆಳು ಎಂದಿದ್ದರೆ ಪಿಸ್ಟನ್ ಸವೆದು ಓರೆಯಾಗಿ ಕೂರುತ್ತಿದೆ ಅಥವಾ ಪಿನ್ನಿನ ತೂತು ಅಗಲವಾಗಿದೆ. ಉಂಗುರ ಸುತ್ತಲೂ ಚೆನ್ನಾಗಿದ್ದು ಒಂದೇ ಕಡೆ ಕೂದಲೆಳೆಯಷ್ಟು ತುಂಡಾಗಿದ್ದರೆ, ಇಲ್ಲವೇ ಒಳಗಿನಿಂದ ಹೊರಗಿನವರೆಗೆ ಅಡ್ಡಗೆರೆಯೊಂದು ಉಂಗುರವನ್ನು ದಾಟಿದ್ದರೆ, ಅದಕ್ಕೆ ಸರಿಯಾಗಿ ಎದುರಿನ ಜಾಗದಲ್ಲಿ ಸೀಟಿಗೆ ಗಾಯವಾಗಿದೆ. ಎರಡು ವಾರದಲ್ಲಿ ಸೋತ ನಿಮ್ಮ ವಾಷರಿನಲ್ಲಿ ಈ ಅಡ್ಡಗೆರೆಯೇ ಇರಬಹುದೆಂದು ನನ್ನ ಊಹೆ. ವಾಷರನ್ನು ಮಗುಚಿ ಹಾಕಿದರೂ ಕೆಲವು ದಿನ ನೀರು ನಿಲ್ಲುತ್ತದೆ, ಹೊಸ ವಾಷರ್ ಸಿಗುವವರೆಗೆ ಆ ಉಪಾಯ ಸಾಕು, ಅದನ್ನೇ ರಿಪೇರಿ ಎಂದು ನಂಬಬಾರದು.

ಸೀಟನ್ನು ಕಣ್ಣಿಗಿಂತ ಹತ್ತಿ ಚೆನ್ನಾಗಿ ನೋಡುತ್ತದೆ. ಟಾರ್ಚ್ ಹಿಡಿದು ವಾಲ್ವಿನ ಒಳಗೆ ನೋಡಿದರೆ ಮಧ್ಯದಲ್ಲಿ ತೂತು, ಅದರ ಸುತ್ತ ಸ್ವಲ್ಪ ಎದ್ದು ನಿಂತ ಅಂಚು ಕಾಣುತ್ತದೆ, ಆ ಅಂಚೇ ಸೀಟು. ಕಡ್ಡಿಯ ತುದಿಗೆ ಹತ್ತಿಯ ಚೂರು ಸುತ್ತಿ ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ಎಳೆಯಿರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಗಾಯವಿದೆ. ಮರಳಿನ ಕಣವೊಂದು ಸೀಟಿಗೂ ವಾಷರಿಗೂ ನಡುವೆ ಸಿಕ್ಕು ಅಚ್ಚೊತ್ತಿ ಆ ಗಾಯ ಆರಂಭವಾಗಿರಬಹುದು. ಒಮ್ಮೆ ಸಂದಿ ಬಿಟ್ಟ ಮೇಲೆ ಅದರಲ್ಲಿ ನೀರು ವಿಪರೀತ ವೇಗದಿಂದ ನುಗ್ಗಿ ಹಿತ್ತಾಳೆಯನ್ನೇ ಸಣ್ಣ ಕಾಲುವೆಯಂತೆ ಕೊರೆಯುತ್ತದೆ. ಕೆಲವು ಸಲ ಹತ್ತಿ ಸಿಕ್ಕಿಕೊಂಡದ್ದು ಗಾಯಕ್ಕಲ್ಲ, ಅಂಟಿಕೊಂಡ ಸುಣ್ಣದ ಚೂರಿಗೆ ಆಗಿರುತ್ತದೆ. ಆದ್ದರಿಂದ ವಿನೆಗರಿನಿಂದ ತೊಳೆದು ಮತ್ತೊಮ್ಮೆ ಹತ್ತಿ ಎಳೆದು ನೋಡಿದ ನಂತರವೇ ತೀರ್ಮಾನಕ್ಕೆ ಬನ್ನಿ.

ಗಾಯ ನಿಜವಾಗಿದ್ದರೆ ಮುಂದಿನ ದಾರಿ ವಾಲ್ವಿನ ಜಾತಿಯ ಮೇಲೆ ಹೋಗುತ್ತದೆ. ಕೆಲವು ವಾಲ್ವುಗಳಲ್ಲಿ ಸೀಟು ನೈಲಾನಿನ ಬಿಡಿ ತುಂಡು, ಅದನ್ನು ಹೊರಗೆ ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸಿದರೆ ಕೆಲಸ ಮುಗಿಯಿತು. ಹಿತ್ತಾಳೆಯ ಮೈಯಲ್ಲೇ ಸೀಟು ಕೆತ್ತಿರುವ ವಾಲ್ವಾದರೆ, ನಲ್ಲಿಯ ಸೀಟು ಉಜ್ಜುವ ಕಟ್ಟರ್ ಪ್ಲಂಬರ್ ಬಳಿ ಇದ್ದಲ್ಲಿ ಹಗುರವಾಗಿ ಒಂದೆರಡು ಸುತ್ತು ತಿರುಗಿಸಿ ಅಂಚನ್ನು ಸಮ ಮಾಡಬಹುದು. ಬೆರಳಿಗೆ ಎಮರಿ ಪೇಪರ್ ಸುತ್ತಿ ಉಜ್ಜುವುದನ್ನು ನಾನು ಒಪ್ಪುವುದಿಲ್ಲ, ಗಾಯ ಹೋಗುವ ಮೊದಲೇ ಅಂಚು ಓರೆಯಾಗುತ್ತದೆ. ಪ್ಲಾಸ್ಟಿಕ್ ವಾಲ್ವಿನ ಸೀಟಿಗೆ ಗಾಯವಾಗಿದ್ದರೆ ವಾಲ್ವನ್ನೇ ಬದಲಿಸಬೇಕು.

ಮತ್ತೆ ಜೋಡಿಸುವಾಗ ವಾಷರಿನ ದಪ್ಪ ಮೊದಲಿನಷ್ಟೇ ಇರಲಿ. ದಪ್ಪ ಹೆಚ್ಚಾದರೆ ಪಿಸ್ಟನ್ ಪೂರ್ತಿ ಹಿಂದೆ ಸರಿಯಲಾಗದೆ ಟ್ಯಾಂಕ್ ತುಂಬಲು ತಡವಾಗುತ್ತದೆ, ಕಡಿಮೆಯಾದರೆ ಚೆಂಡು ಹೆಚ್ಚು ಮೇಲಕ್ಕೆ ಬರುವವರೆಗೆ ವಾಲ್ವ್ ಮುಚ್ಚುವುದಿಲ್ಲ. ಪಿಸ್ಟನ್ನಿಗೆ ಎಣ್ಣೆಯನ್ನಾಗಲಿ ಸಾಮಾನ್ಯ ಗ್ರೀಸನ್ನಾಗಲಿ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ, ಕುಡಿಯುವ ನೀರೂ ಕೆಡುತ್ತದೆ. ಪಿಸ್ಟನ್ ಹಾಕುವ ಮೊದಲು ನೀರನ್ನು ಒಮ್ಮೆ ಅರೆಕ್ಷಣ ಬಿಟ್ಟು ಪೈಪಿನೊಳಗಿನ ಮರಳು ಹೊರಗೆ ಬರಲಿ, ಇಲ್ಲದಿದ್ದರೆ ಹೊಸ ವಾಷರಿಗೆ ಮೊದಲ ದಿನವೇ ಅದೇ ಗತಿ. ಕೊನೆಯಲ್ಲಿ ನೀರಿನ ಮಟ್ಟ ಹೊಂದಿಸಬೇಕು. ಚೆಂಡು ಸುಮಾರು ಅರ್ಧ ಮುಳುಗಿ ವಾಲ್ವ್ ಮುಚ್ಚಿದಾಗ ನೀರು ಓವರ್‌ಫ್ಲೋ ಪೈಪಿನ ಕೆಳ ಅಂಚಿಗಿಂತ ಕನಿಷ್ಠ 2.5 ಸೆಂ.ಮೀ. ಕೆಳಗೆ ನಿಲ್ಲಬೇಕು, ರಾತ್ರಿ ಒತ್ತಡ ಏರುವ ನಿಮ್ಮಂಥ ಕಡೆ 5 ಸೆಂ.ಮೀ. ಇಟ್ಟರೆ ಇನ್ನೂ ಒಳ್ಳೆಯದು. ಲೋಹದ ತೋಳನ್ನು ಕೆಳಕ್ಕೆ ಬಾಗಿಸುವಾಗ ಪಿನ್ನಿನ ಕಡೆಯ ಭಾಗವನ್ನು ಒಂದು ಕೈಯಲ್ಲಿ ಬಿಗಿಹಿಡಿದು ಇನ್ನೊಂದು ಕೈಯಿಂದ ನಡುಭಾಗವನ್ನು ಬಾಗಿಸಿ. ಚೆಂಡನ್ನು ಹಿಡಿದು ಜಗ್ಗಿದರೆ ಆ ಬಲವೆಲ್ಲ ಪಿನ್ನಿಗೆ ಬಿದ್ದು ಅದರ ತೂತು ಅಗಲವಾಗುತ್ತದೆ. ಮಟ್ಟ ಇಳಿಸುವುದರಿಂದ ಮುಚ್ಚುವ ಬಲವೇನೂ ಹೆಚ್ಚುವುದಿಲ್ಲ. ಒತ್ತಡ ಹೆಚ್ಚಿದಾಗ ಚೆಂಡು ಇನ್ನಷ್ಟು ಮುಳುಗಿ ವಾಲ್ವನ್ನು ಮುಚ್ಚಲು ಜಾಗ ಸಿಗುತ್ತದೆ, ಅಷ್ಟೇ.

ಹಾಗಾದರೆ ಇಡೀ ವಾಲ್ವ್ ಬದಲಿಸಬೇಕೇ? ಪೆನ್ಸಿಲ್ ಗೆರೆಯ ಪರೀಕ್ಷೆಯಲ್ಲಿ ಹಗಲಲ್ಲೂ ನೀರು ಏರಿದ್ದು, ಸೀಟು ಬಿಡಿಯಾಗಿ ಬದಲಿಸುವಂಥದ್ದಾಗಿದ್ದರೆ ಬೇಡ, ಸೀಟು ಮತ್ತು ವಾಷರನ್ನು ಒಟ್ಟಿಗೆ ಹೊಸದು ಮಾಡಿ. ಸೀಟು ಮೈಯಲ್ಲೇ ಇದ್ದು ಗಾಯ ಉಗುರಿಗೆ ತಗಲುವಷ್ಟು ಆಳವಾಗಿದ್ದರೆ, ಅಥವಾ ವಾಷರಿನ ಗುರುತು ಓರೆಯಾಗಿದ್ದರೆ ಬದಲಿಸಿ. ಹಗಲಲ್ಲಿ ಗೆರೆ ದಾಟದೆ ರಾತ್ರಿ ಮಾತ್ರ ದಾಟುತ್ತಿದ್ದರೆ ಇದೇ ಅಳತೆಯ ಇನ್ನೊಂದು ವಾಲ್ವ್ ತಂದು ಹಾಕುವುದು ವ್ಯರ್ಥ. ಹೆಚ್ಚು ಒತ್ತಡಕ್ಕೆಂದು ಮಾಡಿದ, ಸೀಟಿನ ತೂತು ಚಿಕ್ಕದಾಗಿರುವ ವಾಲ್ವನ್ನು ಕೇಳಿ ತರಬೇಕು. ಮೇಲಿನ ಲೆಕ್ಕದಲ್ಲೇ ತೂತು 6 ಮಿ.ಮೀ. ಆದರೆ ರಾತ್ರಿಯ 3.5 ಕಿಲೋ ಒತ್ತಡದಲ್ಲೂ ನೀರಿನ ತಳ್ಳು 1 ಕಿಲೋ ಮಾತ್ರ, ಮೂರು ಕಿಲೋ ಬಲದ ತೋಳು ಅದನ್ನು ಸುಲಭವಾಗಿ ಮುಚ್ಚುತ್ತದೆ. ತೂತಿನ ವಿಸ್ತೀರ್ಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುವುದರಿಂದ ಟ್ಯಾಂಕ್ ತುಂಬುವ ಹೊತ್ತು ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರು ಬರುವ ಕಡೆ ಇದು ಆಗಿಬರುವುದಿಲ್ಲ, ಅಲ್ಲಿ ತೂತನ್ನು ದೊಡ್ಡದಾಗಿಯೇ ಇಟ್ಟು, ಜಾಗವಿದ್ದರೆ ಉದ್ದನೆಯ ತೋಳನ್ನೂ ದೊಡ್ಡ ಚೆಂಡನ್ನೂ ಹಾಕಬೇಕು. ಜಾಗವೂ ಇಲ್ಲದಿದ್ದರೆ ಟ್ಯಾಂಕಿಗೆ ಬರುವ ಪೈಪಿನಲ್ಲಿ ಒತ್ತಡ ಇಳಿಸುವ ವಾಲ್ವೊಂದನ್ನು ಕೂರಿಸುವುದು ಉಳಿದ ದಾರಿ.

ಪಂಪಿನಿಂದ ಟ್ಯಾಂಕ್ ತುಂಬಿಸುವವರೂ ಇದನ್ನು ಓದುತ್ತಿರಬಹುದಾದ್ದರಿಂದ ಒಂದು ಮಾತು. ಮೇಲಿನ ಪರೀಕ್ಷೆಗಳೆಲ್ಲ ಅವರ ವಾಲ್ವಿಗೂ ಹೊಂದುತ್ತವೆ, ಆದರೆ ಪಂಪಿನ ಪೈಪಿನಲ್ಲಿ ಫ್ಲೋಟ್ ವಾಲ್ವನ್ನೇ ನಂಬಿಕೊಳ್ಳಬಾರದು. ವಾಲ್ವ್ ಸರಿಯಾಗಿ ಮುಚ್ಚಿಕೊಂಡರೂ ಪಂಪ್ ಓಡುತ್ತಲೇ ಇರುತ್ತದೆ, ನೀರಿಗೆ ಹೋಗುವ ದಾರಿಯಿಲ್ಲದೆ ಒತ್ತಡ ಪಂಪಿನ ಗರಿಷ್ಠ ಮಟ್ಟಕ್ಕೆ ಏರಿ ಪಂಪಿನೊಳಗಿನ ನೀರು ಬಿಸಿಯಾಗುತ್ತದೆ. ಅಲ್ಲಿ ಬೇಕಾದದ್ದು ಮಟ್ಟ ಬಂದ ಕೂಡಲೇ ಪಂಪಿನ ವಿದ್ಯುತ್ತನ್ನೇ ಕಡಿಯುವ ಫ್ಲೋಟ್ ಸ್ವಿಚ್ಚು, ಅದನ್ನು ಹಾಕಿಸುವ ಕೆಲಸ ಎಲೆಕ್ಟ್ರಿಷಿಯನ್ನರದು.